ಕೊಯ್ಲಿಗೆ ಕೊಟ್ಟ 5 ರೂಪಾಯಿ ಕ್ಲೀನ್ ಕಾಫಿಯಲ್ಲಿ 21 ಆಗುವುದು ಹೇಗೆ?

2024ರಲ್ಲಿ 50 ಕೆ.ಜಿ. ರೊಬಸ್ಟಾ ಚೆರಿ ಮೂಟೆಯ ಬೆಲೆ 10,000 ರೂಪಾಯಿ ದಾಟಿದ ಮೇಲೆ, ತೋಟವಿಲ್ಲದವರೂ ಕೇಳತೊಡಗಿದ ಪ್ರಶ್ನೆ ಒಂದೇ: ಒಂದು ಕೆ.ಜಿ. ಕಾಫಿಗೆ ಬೆಳೆಗಾರನಿಗೆ ಬೀಳುವ ಖರ್ಚೆಷ್ಟು? ತಲೆಮಾರುಗಳಿಂದ ತೋಟ ನಡೆಸುವವರೂ ಇದಕ್ಕೆ ತಡವರಿಸುತ್ತಾರೆ. ಖರ್ಚಿನ ಪುಸ್ತಕ ಇಟ್ಟಿರುವುದಿಲ್ಲ ಎಂದಲ್ಲ. ಪುಸ್ತಕದಲ್ಲಿರುವ 'ಕೆ.ಜಿ.' ಎಲ್ಲ ಕಡೆ ಒಂದೇ ಅಲ್ಲ, ತೊಡಕು ಅಲ್ಲಿಯೇ ಇದೆ.

## ಒಂದೇ ಹೆಸರಿನ ಮೂರು ಕೆ.ಜಿ.

ಕೊಯ್ಲಿನ ಕೂಲಿಯನ್ನು ಹಸಿ ಹಣ್ಣಿನ ತೂಕದ ಮೇಲೆ ಕೊಡುತ್ತೇವೆ. ಕಣದ ಖರ್ಚಿನ ಫಲ ಕಾಣುವುದು ಒಣ ಚೆರಿಯಲ್ಲಿ, ಅಂದರೆ ಸಿಪ್ಪೆ ಸಮೇತ ಒಣಗಿದ ಹಣ್ಣಿನಲ್ಲಿ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಆ ಸಿಪ್ಪೆ ಬಿಡಿಸಿ, ಗಾತ್ರದ ಪ್ರಕಾರ ಬೇರ್ಪಡಿಸಿ, ಕೆಟ್ಟ ಬೀಜ ಆರಿಸಿದ ಮೇಲೆ ಉಳಿಯುವುದು ಕ್ಲೀನ್ ಕಾಫಿ. ಹುರಿಯುವವರು ಮತ್ತು ರಫ್ತು ಮಾಡುವವರು ಕೊಳ್ಳುವುದು ಇದನ್ನು.

ಭತ್ತ ಬೆಳೆಯುವವರಿಗೆ ಇದು ಹೊಸದಲ್ಲ. ಕಟಾವಿನ ಕೂಲಿ ಭತ್ತದ ಮೇಲೆ ಬಿದ್ದಿರುತ್ತದೆ, ಅಂಗಡಿಯಲ್ಲಿ ಮಾರುವುದು ಅಕ್ಕಿ. ಭತ್ತದ ಕೆ.ಜಿ.ಗೆ ಬಿದ್ದ ಖರ್ಚನ್ನೇ ಅಕ್ಕಿಯ ಖರ್ಚು ಎಂದು ಯಾರೂ ಹೇಳುವುದಿಲ್ಲ. ಕಾಫಿಯಲ್ಲಿ ತೂಕ ಇನ್ನೂ ಹೆಚ್ಚು ಇಳಿಯುತ್ತದೆ. 100 ಕೆ.ಜಿ. ಚೆನ್ನಾಗಿ ಹಣ್ಣಾದ ರೊಬಸ್ಟಾ ಕಣದಲ್ಲಿ ಒಣಗಿ ಸುಮಾರು 45 ಕೆ.ಜಿ. ಚೆರಿಯಾಗುತ್ತದೆ. ಅದನ್ನು ಹಲ್ಲಿಂಗ್ ಮಾಡಿದರೆ 23 ಕೆ.ಜಿ.ಯ ಆಸುಪಾಸು ಬೀಜ ಸಿಗುತ್ತದೆ. ಹೀಗಾಗಿ ಒಂದು ಕೆ.ಜಿ. ಕ್ಲೀನ್ ಕಾಫಿಯ ಹಿಂದೆ ನಾಲ್ಕೂಕಾಲು ಕೆ.ಜಿ.ಗಿಂತ ತುಸು ಹೆಚ್ಚು ಹಸಿ ಹಣ್ಣು ಇರುತ್ತದೆ, ಅಷ್ಟೂ ಹಣ್ಣಿಗೆ ಕೊಯ್ಲಿನ ಕೂಲಿ ಕೊಟ್ಟಾಗಿರುತ್ತದೆ. ಹಣ್ಣಿನ ಕೆ.ಜಿ.ಗೆ 5 ರೂಪಾಯಿ ಕೊಟ್ಟರೆ ಅದು ಕ್ಲೀನ್ ಕಾಫಿಯ ಮೇಲೆ 21 ರೂಪಾಯಿಗೂ ಹೆಚ್ಚಾಗಿ ಕೂರುವುದು ಹೀಗೆ.

## ಒಟಿ ಎಂಬ ಅಳತೆ

ಚೆರಿಯಿಂದ ಎಷ್ಟು ಬೀಜ ಹೊರಡುತ್ತದೆ ಎಂಬುದಕ್ಕೆ ಔಟ್ ಟರ್ನ್, ಆಡುಮಾತಿನಲ್ಲಿ ಒಟಿ, ಎನ್ನುತ್ತಾರೆ. 50 ಕೆ.ಜಿ. ಒಣ ಚೆರಿಯಿಂದ 26 ಕೆ.ಜಿ. ಕ್ಲೀನ್ ಕಾಫಿ ಬಂದರೆ 26 ಒಟಿ. ಪರೀಕ್ಷಿಸುವುದು ಸುಲಭ. ಬೇರೆ ಬೇರೆ ಮೂಟೆಗಳ ಮೇಲೆ, ನಡುವೆ, ತಳದಿಂದ ಒಂದೊಂದು ಹಿಡಿ ತೆಗೆದು ಚೆನ್ನಾಗಿ ಬೆರೆಸಿ, ಅದರಲ್ಲಿ 500 ಗ್ರಾಂ ತೂಗಿ ಸಿಪ್ಪೆ ಬಿಡಿಸಬೇಕು. 260 ಗ್ರಾಂ ಬೀಜ ಬಂದರೆ ಅದೇ 26 ಒಟಿ. ವ್ಯಾಪಾರಿಯ ಅಂಗಡಿಯಲ್ಲಿರುವ ಪುಟ್ಟ ಹಲ್ಲರ್ ಮಾಡುವುದೂ ಇಷ್ಟೇ. ಮನೆಯಲ್ಲಿ ಒಮ್ಮೆ ಮಾಡಿಕೊಂಡು ಹೋದರೆ ಅಲ್ಲಿ ಬರುವ ಅಂಕಿಯನ್ನು ತಾಳೆ ನೋಡಬಹುದು.

ವ್ಯಾಪಾರಿ 'ಒಟಿಗೆ 330' ಎಂದರೆ, 26 ಒಟಿ ಮೂಟೆಗೆ 26 ಸಲ 330, ಅಂದರೆ 8,580 ರೂಪಾಯಿ. ಒಂದು ಒಟಿ ಎಂದರೆ ಮೂಟೆಯೊಳಗಿನ ಒಂದು ಕೆ.ಜಿ. ಕ್ಲೀನ್ ಕಾಫಿ ತಾನೇ? ಹಾಗಾಗಿ ಒಟಿ ದರವೂ ನಮ್ಮ ಕೆ.ಜಿ. ಖರ್ಚೂ ಒಂದೇ ಅಳತೆಗೋಲಿನವು, ಪಕ್ಕಪಕ್ಕದಲ್ಲಿಟ್ಟು ಹೋಲಿಸಬಹುದು. ಮೊದಲೇ ಕೇಳಿಕೊಳ್ಳಬೇಕಾದದ್ದು ಒಂದಿದೆ: ತೂಗಿದ ಬೀಜದಲ್ಲಿ ಕರಿಕಾಳು, ಒಡಕು ಸೇರಿದೆಯೋ, ಆರಿಸಿ ತೆಗೆದು ತೂಗಿದ್ದೋ? ಒಂದೇ ಚೆರಿಗೆ ಇಬ್ಬರು ವ್ಯಾಪಾರಿಗಳು ಬೇರೆ ಬೇರೆ ಒಟಿ ಹೇಳುವುದರ ಹಿಂದೆ ಹಲವು ಸಲ ಈ ವ್ಯತ್ಯಾಸವೇ ಇರುತ್ತದೆ.

## ಲೆಕ್ಕಕ್ಕೆ ಒಂದು ತೋಟ

8 ಎಕರೆ ರೊಬಸ್ಟಾ ತೋಟ ಎಂದಿಟ್ಟುಕೊಳ್ಳೋಣ. ಕೆಳಗಿನ ದರಗಳನ್ನು ಲೆಕ್ಕ ತೋರಿಸಲೆಂದು ಹಿಡಿದದ್ದು. ಕೂಲಿ ಊರಿಂದೂರಿಗೆ, ವರ್ಷದಿಂದ ವರ್ಷಕ್ಕೆ ಬೇರೆಯಾಗುತ್ತದೆ, ಆ ಜಾಗದಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ.

ಗಿಡದಿಂದ ಕೊಯ್ದ ಹಣ್ಣು 19,000 ಕೆ.ಜಿ. ಅದು ಒಣಗಿ 8,550 ಕೆ.ಜಿ. ಚೆರಿಯಾಯಿತು, 26 ಒಟಿಯಂತೆ 4,446 ಕೆ.ಜಿ. ಬೀಜ ಕೊಟ್ಟಿತು. ಕೊನೆಯಲ್ಲಿ ನೆಲದಿಂದ ಹೆಕ್ಕಿದ್ದು ಒಣ ತೂಕದಲ್ಲಿ 450 ಕೆ.ಜಿ. ಅದರ ಒಟಿ 22 ಮಾತ್ರ, ಬೀಜ 198 ಕೆ.ಜಿ. ಒಟ್ಟು 9,000 ಕೆ.ಜಿ. ಚೆರಿ, ಅಂದರೆ 180 ಮೂಟೆ. ಒಟ್ಟು ಕ್ಲೀನ್ ಕಾಫಿ 4,644 ಕೆ.ಜಿ. ಸರಾಸರಿ ಒಟಿ 25.8.

ಮುಂದಿನ ಪ್ರತಿಯೊಂದು ಖರ್ಚನ್ನೂ ಈ 4,644ರಿಂದಲೇ ಭಾಗಿಸುತ್ತೇವೆ. ನೆಲದ ಹಣ್ಣನ್ನು ಬೇರೆ ತೂಗಿದ್ದಕ್ಕೆ ಕಾರಣವಿದೆ. ಅದು ಅಲ್ಲೇ ಅರ್ಧ ಒಣಗಿರುತ್ತದೆ. ಹಸಿ ಹಣ್ಣಿನ ಜೊತೆ ಸೇರಿಸಿ ತೂಗಿದರೆ ಹಣ್ಣಿನಿಂದ ಚೆರಿ ಎಷ್ಟು ಇಳಿಯಿತು ಎಂಬ ಲೆಕ್ಕವೇ ಕೆಡುತ್ತದೆ.

## ಕೊಯ್ಲು: ಕೊನೆಯ ಹಣ್ಣು ದುಬಾರಿ

ಮುಖ್ಯ ಕೊಯ್ಲಿನಲ್ಲಿ 17,000 ಕೆ.ಜಿ., ಕೆ.ಜಿ.ಗೆ 5 ರೂಪಾಯಿಯಂತೆ 85,000. ಗಿಡ ತುಂಬಿದ್ದಾಗ ಒಬ್ಬರು ದಿನಕ್ಕೆ 100 ಕೆ.ಜಿ. ಕೊಯ್ದರೆ ಈ ದರದಲ್ಲಿ ಅವರಿಗೆ 500 ರೂಪಾಯಿ ಸಿಗುತ್ತದೆ. ಎರಡನೇ ಸುತ್ತಿಗೆ ಗಿಡದಲ್ಲಿ ಅಲ್ಲೊಂದು ಇಲ್ಲೊಂದು ಗೊಂಚಲು. ಅದೇ ಮನುಷ್ಯ ದಿನವಿಡೀ ತಿರುಗಿದರೂ 60 ಕೆ.ಜಿ. ದಾಟುವುದು ಕಷ್ಟ. ಆಗಲೂ 5 ರೂಪಾಯಿಯೇ ಎಂದರೆ ಯಾರೂ ಬರುವುದಿಲ್ಲ. 8 ರೂಪಾಯಿಯಂತೆ 2,000 ಕೆ.ಜಿ.ಗೆ 16,000. ನೆಲ ಹೆಕ್ಕುವುದು ದಿನಗೂಲಿಯ ಕೆಲಸ. 25 ಆಳು, ತಲಾ 500ರಂತೆ 12,500.

ಬಹಳ ಜನರ ಲೆಕ್ಕ ಇಲ್ಲಿಗೇ ನಿಂತುಬಿಡುತ್ತದೆ. ಆದರೆ ಕೊಯ್ಲಿನ ದಿನಗಳಲ್ಲಿ ಹಣ್ಣು ತೂಗಿ ಬರೆಯುವ ರೈಟರ್, ಸಾಲು ನೋಡಿಕೊಳ್ಳುವ ಮೇಸ್ತ್ರಿ, ಆಳುಗಳನ್ನು ಕರೆತರುವ ಜೀಪು, ಮೂಟೆ ಕಣಕ್ಕೆ ಸಾಗಿಸುವ ಟ್ರ್ಯಾಕ್ಟರಿನ ಡೀಸೆಲ್ ಎಲ್ಲವೂ ಕೊಯ್ಲಿನ ಖರ್ಚೇ. ಇವಕ್ಕೆ 48,000 ಹಿಡಿಯೋಣ. ಮುಂಗಡ ಪಡೆದು ಕೆಲಸಕ್ಕೆ ಬಾರದೆ ಹೋದವರ ಹಣ ವಾಪಸಾಗದಿದ್ದರೆ ಅದನ್ನೂ ಇಲ್ಲಿಯೇ ಬರೆಯಬೇಕು. ಮನೆಯವರು ದುಡಿದಿದ್ದರೆ ಊರಿನ ಕೂಲಿ ದರವನ್ನೇ ಹಾಕಬೇಕು, ಇಲ್ಲವಾದರೆ ಖರ್ಚು ಕಡಿಮೆ ಬಿದ್ದಂತೆ ಸುಳ್ಳು ಕಾಣುತ್ತದೆ.

ಒಟ್ಟು 1,61,500. ಅದನ್ನು 4,644ರಿಂದ ಭಾಗಿಸಿದರೆ ಕ್ಲೀನ್ ಕಾಫಿಯ ಕೆ.ಜಿ.ಗೆ 34 ರೂಪಾಯಿ 78 ಪೈಸೆ. ಬಾಯಲ್ಲಿ ಹೇಳುವುದು ಮಾತ್ರ 'ಕೊಯ್ಲಿಗೆ ಐದು ರೂಪಾಯಿ'.

ಈ ಸರಾಸರಿಯೊಳಗೆ ಅಡಗಿರುವ ಇನ್ನೊಂದು ಅಂಕಿಯನ್ನೂ ನೋಡಬೇಕು. ನೆಲ ಹೆಕ್ಕಲು ಕೊಟ್ಟ 12,500 ರೂಪಾಯಿ ತಂದದ್ದು 198 ಕೆ.ಜಿ. ಬೀಜ. ಕೆ.ಜಿ.ಗೆ 63 ರೂಪಾಯಿ ಕೂಲಿಯಾಯಿತು. ಮಾರುಕಟ್ಟೆ ದರ 330 ಇದ್ದಾಗ ಇದು ಖಂಡಿತ ಲಾಭದ ಕೆಲಸ. ದರ ನೂರರ ಕೆಳಗಿದ್ದರೆ, ಒಣಗಿಸುವ ಖರ್ಚು ಮತ್ತು ಕೀಳು ಗುಣಮಟ್ಟಕ್ಕೆ ಬೀಳುವ ಕಡಿತ ಸೇರಿದಾಗ, ಉಳಿಯುವುದು ಅತ್ಯಲ್ಪ. ಹಾಗೆಂದು ಬಿಡುವಂತೆಯೂ ಇಲ್ಲ. ನೆಲದಲ್ಲೂ ಗಿಡದಲ್ಲೂ ಉಳಿದ ಹಣ್ಣಿನಲ್ಲಿಯೇ ಕಾಯಿಕೊರಕ ಮುಂದಿನ ಫಸಲಿನವರೆಗೆ ಬದುಕುಳಿಯುತ್ತದೆ. ದರ ಬಿದ್ದ ವರ್ಷ ಹೆಕ್ಕುವ ಖರ್ಚಿನಲ್ಲಿ ಒಂದು ಪಾಲನ್ನು ಕೀಟ ನಿಯಂತ್ರಣದ ಲೆಕ್ಕಕ್ಕೆ ಹಾಕುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

## ಕಣ: ವರ್ಷಗಳ ಮೇಲೆ ಹಂಚುವ ಖರ್ಚು

ಒಳ್ಳೆಯ ಬಿಸಿಲಿದ್ದರೆ ರೊಬಸ್ಟಾ ಹಣ್ಣು ಒಣಗಲು ಎರಡು ವಾರದ ಆಸುಪಾಸು ಬೇಕು. ತೆಳುವಾಗಿ ಹರಡಿ, ಹಗಲಿನಲ್ಲಿ ಮತ್ತೆ ಮತ್ತೆ ಕೈಯಾಡಿಸಿ, ಸಂಜೆ ರಾಶಿ ಮಾಡಿ ಟಾರ್ಪಾಲ್ ಮುಚ್ಚಬೇಕು. ಕೊಯ್ಲು ಒಂದು ತಿಂಗಳು ನಡೆದರೆ ಕಣದ ಕೆಲಸ ಒಂದೂವರೆ ತಿಂಗಳು ಹಿಡಿಯುತ್ತದೆ.

ಇಬ್ಬರು ಆಳು 45 ದಿನ, ದಿನಕ್ಕೆ 500ರಂತೆ 45,000. ರಾತ್ರಿ ಕಾವಲಿಗೆ 18,000. ಇವೆರಡೂ ಈ ವರ್ಷದ ಖರ್ಚು, ಹಾಗೆಯೇ ಬರೆದುಕೊಳ್ಳಬಹುದು. ಟಾರ್ಪಾಲು, ಗೋಣಿಚೀಲ, ಸಿಮೆಂಟ್ ಕಣದ ಮಾತು ಬೇರೆ. 4 ಲಕ್ಷ ರೂಪಾಯಿಯ ಕಣ 20 ವರ್ಷ ಬಾಳಿಕೆ ಬಂದರೆ ವರ್ಷಕ್ಕೆ 20,000 ಮಾತ್ರ. 24,000ದ ಟಾರ್ಪಾಲು ಮೂರು ವರ್ಷ ಬಂದರೆ ವರ್ಷಕ್ಕೆ 8,000. ಮೂರು ಸಲ ಬಳಸುವ 60 ರೂಪಾಯಿಯ ಚೀಲಕ್ಕೆ ಒಂದು ಸಲಕ್ಕೆ 20 ರೂಪಾಯಿ, 180 ಚೀಲಕ್ಕೆ 3,600. ಕಣ ಕಟ್ಟಿಸಿದ ವರ್ಷ ಪೂರ್ತಿ 4 ಲಕ್ಷವನ್ನು ಆ ವರ್ಷದ ಕಾಫಿಯ ಮೇಲೆ ಹೇರಿದರೆ ಕೆ.ಜಿ.ಗೆ 86 ರೂಪಾಯಿ ಏರುತ್ತದೆ, ಮರುವರ್ಷದಿಂದ ಕಣ ಬಿಟ್ಟಿ ಬಂದಂತೆ ಕಾಣುತ್ತದೆ. ಎರಡೂ ದಾರಿ ತಪ್ಪಿಸುವ ಲೆಕ್ಕಗಳೇ.

ಒಟ್ಟು 94,600. ಚೆರಿಯ ಕೆ.ಜಿ.ಗೆ ಹತ್ತೂವರೆ ರೂಪಾಯಿ. ಕ್ಲೀನ್ ಕಾಫಿಯ ಕೆ.ಜಿ.ಗೆ 20 ರೂಪಾಯಿ 37 ಪೈಸೆ. ಒಟಿ ಹೆಚ್ಚುಕಡಿಮೆ ಅರ್ಧದಷ್ಟಿರುವುದರಿಂದ ಚೆರಿಯ ಮೇಲಿನ ಯಾವುದೇ ಖರ್ಚು ಬೀಜಕ್ಕೆ ಬರುವಾಗ ಸರಿಸುಮಾರು ಇಮ್ಮಡಿಯಾಗುತ್ತದೆ.

ಕೊಯ್ಲಿನ ನಡುವೆ ಮಳೆ ಬಂದರೆ ಇದು ಮೇಲೇರುತ್ತದೆ. ಒಣಗಿಸುವ ದಿನಗಳು ಹೆಚ್ಚುತ್ತವೆ, ಕಣ ಖಾಲಿಯಾಗದೆ ಮುಂದಿನ ಕೊಯ್ಲು ನಿಲ್ಲುತ್ತದೆ. ಮುಚ್ಚಿಟ್ಟ ರಾಶಿ ಒಳಗೇ ಬಿಸಿಯಾಗಿ ಹುಳಿಯುತ್ತದೆ. ರಾಶಿಯೊಳಗೆ ಕೈ ಹಾಕಿದಾಗ ಬೆಚ್ಚಗಿದ್ದು ಹುಳಿ ವಾಸನೆ ಬಂದರೆ ಕಪ್ಪು ಬೀಜ ಹೆಚ್ಚುತ್ತದೆ ಎಂದೇ ಅರ್ಥ.

## ತೇವಾಂಶ: ನೀರನ್ನು ನಷ್ಟ ಎಂದು ಎಣಿಸಬಾರದು

ರೊಬಸ್ಟಾ ಚೆರಿಗೆ ಕಾಫಿ ಮಂಡಳಿ ಹೇಳುವ ತೇವಾಂಶ 11 ಶೇಕಡಾ. ಇದಕ್ಕಿಂತ ಮೇಲೆ ಹೋದರೂ ಕೆಳಗೆ ಇಳಿದರೂ ಕೆ.ಜಿ. ಲೆಕ್ಕ ಕದಲುತ್ತದೆ.

9,000 ಕೆ.ಜಿ. ಚೆರಿ 13 ಶೇಕಡಾ ತೇವದಲ್ಲಿ ಕಣ ಬಿಟ್ಟಿತು ಎನ್ನಿ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಅದು 11ಕ್ಕೆ ಒಣಗಿದಾಗ 8,798 ಕೆ.ಜಿ. ತೂಗುತ್ತದೆ. ನಾಲ್ಕು ಮೂಟೆ ಕಾಣೆ. ಕಳವೂ ಆಗಿಲ್ಲ, ಯಂತ್ರವೂ ನುಂಗಿಲ್ಲ. ಆ 202 ಕೆ.ಜಿ. ಮೊದಲಿಂದಲೂ ನೀರೇ ಆಗಿತ್ತು. ಇದನ್ನು ಕ್ಯೂರಿಂಗ್ ನಷ್ಟ ಎಂದು ಬರೆದರೆ ತಪ್ಪಾದದ್ದು ಎಲ್ಲಿ ಎಂಬುದೇ ತಿಳಿಯುವುದಿಲ್ಲ. ಜೊತೆಗೆ ಹಸಿಯಿರುವ ಚೆರಿ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ, ಬೀಜ ಬಿಳುಚಿಕೊಳ್ಳುತ್ತದೆ.

ಅತಿಯಾಗಿ ಒಣಗಿಸಿದರೆ ಆಗುವ ಏಟು ಕಣ್ಣಿಗೆ ಬೀಳುವುದಿಲ್ಲ. 11ರ ಬದಲು 9ಕ್ಕೆ ಇಳಿದರೆ 4,644 ಕೆ.ಜಿ. ಬೀಜ 4,542 ಆಗುತ್ತದೆ. 102 ಕೆ.ಜಿ. ಗಾಳಿಗೆ ಹೋಯಿತು. 330ರ ದರದಲ್ಲಿ ಸುಮಾರು 33,700 ರೂಪಾಯಿ, ಕಣದ ಇಬ್ಬರು ಆಳುಗಳಿಗೆ ಇಡೀ ಹಂಗಾಮಿಗೆ ಕೊಟ್ಟ ಕೂಲಿಯ ಮುಕ್ಕಾಲು ಪಾಲು. ಮೇಲಾಗಿ ಒಣಕಲು ಬೀಜ ಹಲ್ಲರಿನಲ್ಲಿ ಹೆಚ್ಚು ಒಡೆಯುತ್ತದೆ.

ತೇವಮಾಪಕ ಇಲ್ಲದವರಿಗೆ ಹಳೆಯ ಉಪಾಯವಿದೆ. ಒಂದೇ ಡಬ್ಬಿಯ ತುಂಬ ಚೆರಿ ಅಳೆದು ದಿನವೂ ಅದೇ ಹೊತ್ತಿಗೆ ತೂಗಬೇಕು. ಎರಡು ದಿನ ಸತತವಾಗಿ ತೂಕ ಬದಲಾಗದಿದ್ದರೆ ಒಣಗಿದೆ, ಆವತ್ತೇ ಮೂಟೆ ಕಟ್ಟಬೇಕು. ಕೈಯಲ್ಲಿ ಕುಲುಕಿದಾಗ ಗಲಗಲ ಸದ್ದು ಬರಬೇಕು ಎಂಬುದೂ ನಿಜ. ಆದರೆ ಆ ಸದ್ದು 11ರಲ್ಲೂ ಬರುತ್ತದೆ, 9ರಲ್ಲೂ ಬರುತ್ತದೆ. ಅದನ್ನೊಂದನ್ನೇ ನಂಬಿದರೆ ಹಣ ಹೋಗುತ್ತದೆ.

## ಕ್ಯೂರಿಂಗ್: ಖರ್ಚು ಸ್ವಲ್ಪ, ತೂಕದ ಇಳಿತ ಬಹಳ

ನಮ್ಮ 180 ಮೂಟೆ ಸಾಗಿಸಲು 5,400, ಚೆರಿಯ ಕೆ.ಜಿ.ಗೆ 3 ರೂಪಾಯಿಯಂತೆ ಕ್ಯೂರಿಂಗ್ ಶುಲ್ಕ 27,000. ಒಟ್ಟು 32,400. ಕ್ಲೀನ್ ಕಾಫಿಯ ಕೆ.ಜಿ.ಗೆ 6 ರೂಪಾಯಿ 98 ಪೈಸೆ. ತೋಟದ ಕೆಲಸ, ಕೊಯ್ಲು, ಕಣ, ಕ್ಯೂರಿಂಗ್ ಎಂಬ ನಾಲ್ಕು ಖರ್ಚುಗಳಲ್ಲಿ ಇದು ಅತಿ ಸಣ್ಣದು.

ಇಲ್ಲಿ ಆಗಾಗ ಒಂದು ತಪ್ಪು ನುಸುಳುತ್ತದೆ. 9,000 ಕೆ.ಜಿ. ಕೊಟ್ಟು 4,644 ಪಡೆದೆವು, 4,356 ಕೆ.ಜಿ. ನಷ್ಟವಾಯಿತು ಎಂದು ಅದಕ್ಕೆ ಬೆಲೆ ಕಟ್ಟಿ ಖರ್ಚಿಗೆ ಸೇರಿಸುತ್ತಾರೆ. ಹಾಗೆ ಮಾಡಿದರೆ ಒಂದೇ ನಷ್ಟವನ್ನು ಎರಡು ಸಲ ಎಣಿಸಿದಂತೆ. ಭಾಗಿಸುವ ಅಂಕಿಯಾಗಿ 9,000ದ ಬದಲು 4,644 ಇಟ್ಟಾಗಲೇ ಆ ಇಳಿತ ಲೆಕ್ಕಕ್ಕೆ ಬಂದಾಯಿತು. ಹೊಟ್ಟಿಗೆ ಬೇರೆ ಬೆಲೆ ಹಾಕುವುದು ಬೇಡ.

ಬೀಜವೆಲ್ಲ ಒಂದೇ ದರಕ್ಕೆ ಹೋಗುವುದಿಲ್ಲ ಎಂಬುದು ಮಾತ್ರ ಗಮನದಲ್ಲಿರಬೇಕು. ಜರಡಿ ಹಿಡಿದ ಮೇಲೆ ಎಬಿ, ಪಿಬಿ, ಸಿ ದರ್ಜೆಗಳು ಬೇರೆಯಾಗುತ್ತವೆ. ಕರಿ ಬೀಜ, ಕಂದು ಬೀಜ, ಒಡಕು ಸೇರಿದ್ದಕ್ಕೆ ಬಿಬಿಬಿ ಎನ್ನುತ್ತಾರೆ, ಅದು ಕಡಿಮೆ ಬೆಲೆಗೆ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ 350 ಕೆ.ಜಿ. ಬಿಬಿಬಿ ಬಂದು ಕೆ.ಜಿ.ಗೆ 120ರಂತೆ 42,000 ತಂದಿತು ಎನ್ನೋಣ. ಆ ಹಣವನ್ನು ಒಟ್ಟು ಖರ್ಚಿನಿಂದ ಕಳೆದು, ಉಳಿದದ್ದನ್ನು ಒಳ್ಳೆಯ ದರ್ಜೆಯ 4,294 ಕೆ.ಜಿ.ಯ ಮೇಲೆ ಹಂಚಬೇಕು.

## ಎಲ್ಲವನ್ನೂ ಕೂಡಿದಾಗ

ಗೊಬ್ಬರ, ನೆರಳು ಮರದ ಕೊಂಬೆ ಕಡಿಯುವ ಮರಗಸಿ, ಕಾಫಿ ಗಿಡದ ರೆಂಬೆ ಸವರುವ ಗಿಡಕಸಿ, ಕಳೆ, ಹೂವಿಗೆ ಸ್ಪ್ರಿಂಕ್ಲರ್ ನೀರು, ಔಷಧಿ ಸೇರಿ ಎಕರೆಗೆ 55,000ದಂತೆ ವರ್ಷದ ತೋಟದ ಖರ್ಚು 4,40,000 ಎಂದಿಟ್ಟುಕೊಳ್ಳೋಣ. ಜಮೀನಿನ ಬೆಲೆ, ಸಾಲದ ಬಡ್ಡಿ ಇದರಲ್ಲಿಲ್ಲ.

| ಬಾಬತ್ತು | ಒಟ್ಟು ರೂ. | ಕ್ಲೀನ್ ಕೆ.ಜಿ.ಗೆ ರೂ. |
|---|---|---|
| ತೋಟದ ಕೆಲಸ | 4,40,000 | 94.75 |
| ಕೊಯ್ಲು | 1,61,500 | 34.78 |
| ಕಣ | 94,600 | 20.37 |
| ಕ್ಯೂರಿಂಗ್ | 32,400 | 6.98 |
| ಒಟ್ಟು | 7,28,500 | 156.87 |

ಬಿಬಿಬಿಯ 42,000 ಕಳೆದು 4,294ರಿಂದ ಭಾಗಿಸಿದರೆ ಒಳ್ಳೆಯ ದರ್ಜೆಯ ಕೆ.ಜಿ.ಗೆ ಬೀಳುವ ಖರ್ಚು 159 ರೂಪಾಯಿ 87 ಪೈಸೆ.

ಅರೇಬಿಕಾ ಪಾರ್ಚ್‌ಮೆಂಟಿಗೂ ಇದೇ ಕ್ರಮ, ತೂಕ ಇಳಿಯುವ ಜಾಗ ಮಾತ್ರ ಬೇರೆ. ಅಲ್ಲಿ ಹಣ್ಣಿನ ಸಿಪ್ಪೆ ಪಲ್ಪರ್ ಯಂತ್ರದಲ್ಲೇ ಹೋಗುತ್ತದೆ, ಒಳಗಿನ ತೆಳು ಪೊರೆ ಸಮೇತ ಒಣಗಿದ ಬೀಜವೇ ಪಾರ್ಚ್‌ಮೆಂಟ್. 100 ಕೆ.ಜಿ. ಹಣ್ಣಿಗೆ ಸುಮಾರು 20 ಕೆ.ಜಿ. ಒಣ ಪಾರ್ಚ್‌ಮೆಂಟ್, ಅದರಿಂದ ಸುಮಾರು 16 ಕೆ.ಜಿ. ಬೀಜ. ಕ್ಯೂರಿಂಗ್‌ನಲ್ಲಿ ಇಳಿಯುವುದು ಐದರಲ್ಲೊಂದು ಪಾಲು ಅಷ್ಟೇ ಎಂದು ಸಮಾಧಾನವಾಗುತ್ತದೆ. ಆದರೆ ಒಂದು ಕೆ.ಜಿ. ಬೀಜಕ್ಕೆ ಆರು ಕೆ.ಜಿ.ಗೂ ಹೆಚ್ಚು ಹಣ್ಣು ಕೊಯ್ದಾಗಿರುತ್ತದೆ. ಹಣ್ಣಿಗೆ 5 ರೂಪಾಯಿ ಕೂಲಿ ಅಲ್ಲಿ 31 ರೂಪಾಯಿಯಾಗುತ್ತದೆ.

## ಖರ್ಚು ಏರದೆಯೂ ಕೆ.ಜಿ. ದುಬಾರಿಯಾಗುವುದು

ಒಂದು ಪೈಸೆಯೂ ಹೆಚ್ಚು ಖರ್ಚಾಗಿಲ್ಲ, ಆದರೆ ಒಟಿ 25.8ರಿಂದ 24ಕ್ಕೆ ಇಳಿಯಿತು ಎನ್ನಿ. 9,000 ಕೆ.ಜಿ. ಚೆರಿಯಿಂದ ಬರುವುದು 4,320 ಕೆ.ಜಿ. ಅದೇ 7,28,500 ಈಗ ಕೆ.ಜಿ.ಗೆ 168 ರೂಪಾಯಿ 63 ಪೈಸೆಯಾಗಿ ಹಂಚಿಕೊಳ್ಳುತ್ತದೆ. ಸುಮಾರು 12 ರೂಪಾಯಿ ಏರಿಕೆ. ಕ್ಯೂರಿಂಗ್ ಶುಲ್ಕದಲ್ಲಿ ಎಷ್ಟೇ ಚೌಕಾಸಿ ಮಾಡಿದರೂ ಇಷ್ಟು ಉಳಿಸಲು ಆಗುವುದಿಲ್ಲ, ಅದರ ಒಟ್ಟು ಭಾರವೇ 7 ರೂಪಾಯಿ.

ಒಟಿ ಇಳಿಯುವುದಕ್ಕೆ ಕಾರಣ ಹುಡುಕುವಾಗ ಮೊದಲು ಕೊಯ್ಲಿನ ಬುಟ್ಟಿ ನೋಡಬೇಕು. ಆಳು ಕೈತಪ್ಪುತ್ತಾರೆ ಎಂಬ ಆತುರದಲ್ಲಿ ಹಸಿರು ಕಾಯಿಯನ್ನೂ ಎಳೆದು ಕೊಯ್ಯಿಸಿದರೆ ಬೀಜ ಪೂರ್ತಿ ಬಲಿತಿರುವುದಿಲ್ಲ. ಕೂಲಿಯನ್ನು ಅದೇ ತೂಕಕ್ಕೆ ಕೊಡುತ್ತೇವೆ, ಬರುವ ಬೀಜ ಕಡಿಮೆ. ಇನ್ನೊಂದು ಕಾರಣ ಜೊಳ್ಳು. ಕಾಯಿ ತುಂಬುವ ಕಾಲದಲ್ಲಿ ನೀರು, ಪೋಷಣೆ ಸಾಲದಿದ್ದರೆ ಸಿಪ್ಪೆ ದೊಡ್ಡದಾಗಿ ಬೀಜ ಸೊರಗುತ್ತದೆ. ಒಂದು ಬಕೆಟ್ ಹಣ್ಣನ್ನು ನೀರಿಗೆ ಹಾಕಿ ತೇಲುವುದನ್ನು ತೂಗಿದರೆ ಪ್ರಮಾಣ ಗೊತ್ತಾಗುತ್ತದೆ. ಕಾಯಿಕೊರಕವಿದ್ದರೆ ಹಣ್ಣಿನ ತುದಿಯಲ್ಲಿ ಸೂಜಿ ಚುಚ್ಚಿದಂಥ ತೂತು ಕಾಣುತ್ತದೆ. ಒಳಗಿನ ಬೀಜ ಅರ್ಧ ಪುಡಿಯಾಗಿರುತ್ತದೆ, ಉಳಿದದ್ದು ಬಿಬಿಬಿಗೆ ಸೇರುತ್ತದೆ. ತೋಟದ ಬ್ಲಾಕುಗಳ ಚೆರಿಯನ್ನು ಬೇರೆ ಬೇರೆ ರಾಶಿಯಾಗಿ ಒಣಗಿಸಿ ಒಟಿ ನೋಡಿದರೆ ಯಾವ ಬ್ಲಾಕಿನಲ್ಲಿ ತೊಂದರೆ ಎಂಬುದೂ ಸಿಗುತ್ತದೆ. ಎಲ್ಲ ಒಂದೇ ರಾಶಿಯಾದರೆ ಆ ಸುಳಿವು ಕಳೆದುಹೋಗುತ್ತದೆ.

## ಚೆರಿಯಾಗಿಯೇ ಮಾರುವುದೋ, ಕ್ಯೂರಿಂಗ್ ಮಾಡಿಸುವುದೋ?

ಕಣದಿಂದಲೇ ಮಾರಿದರೆ ಕ್ಯೂರಿಂಗ್ ಖರ್ಚು ಇರುವುದಿಲ್ಲ. ಆಗ ನಮ್ಮ ಖರ್ಚು ಮೂಟೆಗೆ 3,867 ರೂಪಾಯಿ, ಅಂದರೆ ಒಟಿಗೆ 149 ರೂಪಾಯಿ 89 ಪೈಸೆ. ವ್ಯಾಪಾರಿ ತೋಟದ ಬಾಗಿಲಿಗೆ ಬಂದು, ಕರಿಕಾಳು ಸೇರಿಸಿಯೇ 25.8 ಒಟಿ ಒಪ್ಪಿ, ಒಟಿಗೆ 330 ಕೊಟ್ಟರೆ ಕೈಗೆ ಬರುವುದು 15,32,520.

ಕ್ಯೂರಿಂಗ್ ಮಾಡಿಸಿ ಇಷ್ಟೇ ಉಳಿಸಿಕೊಳ್ಳಬೇಕಾದರೆ ಒಳ್ಳೆಯ ದರ್ಜೆ ಎಷ್ಟಕ್ಕೆ ಹೋಗಬೇಕು? ಆ 15,32,520ಕ್ಕೆ 32,400 ಸೇರಿಸಿ, ಬಿಬಿಬಿಯ 42,000 ಕಳೆದರೆ 15,22,920. ಇದನ್ನು 4,294ರಿಂದ ಭಾಗಿಸಿದರೆ 354 ರೂಪಾಯಿ 66 ಪೈಸೆ. ಕ್ಯೂರಿಂಗ್ ಆಗಿ ಮಾರಾಟವಾಗುವಷ್ಟರಲ್ಲಿ ಒಂದು ತಿಂಗಳು ಕಳೆದರೆ, ವರ್ಷಕ್ಕೆ 12 ಶೇಕಡಾ ಬಡ್ಡಿಯಂತೆ 15,325 ರೂಪಾಯಿ ಕೂಡುತ್ತದೆ, ದರ 358 ರೂಪಾಯಿ 23 ಪೈಸೆಗೆ ಏರುತ್ತದೆ. ಕ್ಲೀನ್ ಕಾಫಿಗೆ 345 ಸಿಗುತ್ತದೆ ಎಂದು ಯಾರಾದರೂ ಹೇಳಿದರೆ, ಅದು 330ಕ್ಕಿಂತ 15 ರೂಪಾಯಿ ಹೆಚ್ಚಾಗಿ ಕಂಡರೂ, ಈ ತೋಟಕ್ಕೆ ಚೆರಿಯಾಗಿ ಮಾರುವುದೇ ಲಾಭ. 365 ಎಂದರೆ ಮೂಟೆಗಳನ್ನು ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸಬಹುದು.